ನೋಟಿಸ್‌ನಲ್ಲಿ ಆದಾಯದ ಮೊತ್ತ ತಾಳೆಯಾಗುತ್ತಿಲ್ಲ, ಉತ್ತರ ಹೇಗೆ ಬರೆಯಲಿ?

ಚಿತ್ರಾ_ವಿನ್ಯಾಸ: ತೆರಿಗೆ ಇಲಾಖೆಯ ನೋಟಿಸ್ ಬಂದಿದೆ. ನನಗೆ ಕೆಲಸ ಕೊಡಿಸುವ ಜಾಲತಾಣದವರು ವರ್ಷಕ್ಕೆ 4,80,000 ಪಾವತಿ ಎಂದು ವರದಿ ಮಾಡಿದ್ದಾರೆ. ಅವರ ಕಮಿಷನ್ ಕಳೆದು ಬ್ಯಾಂಕಿಗೆ ಬಂದ 4,32,000 ಮಾತ್ರ ನನ್ನ ರಿಟರ್ನ್‌ನಲ್ಲಿದೆ. ಉತ್ತರ ಹೀಗಿದೆ: "ನಾನು ಏನನ್ನೂ ಮುಚ್ಚಿಟ್ಟಿಲ್ಲ. ಅವರು ತಪ್ಪು ಲೆಕ್ಕ ಕೊಟ್ಟರೆ ನಾನೇನು ಮಾಡಲಿ? ದಯವಿಟ್ಟು ನೋಟಿಸ್ ಕೈಬಿಡಿ." ಹೀಗೇ ಕಳಿಸಲೇ?

ರವಿ_ಎಂ: ಕಮಿಷನ್ ಕಳೆಯುವ ಮುಂಚಿನ ಮೊತ್ತವನ್ನೇ ತೋರಿಸಬೇಕಿತ್ತು. 48,000 ಒಪ್ಪಿಕೊಂಡು ತೆರಿಗೆ ಕಟ್ಟಿ ಮುಗಿಸಿ.

ಲೆಕ್ಕಿಗ: ರವಿ ಅವರ ಮೊದಲ ಮಾತು ಸರಿ, ಎರಡನೆಯದಕ್ಕೆ ನನ್ನ ಒಪ್ಪಿಗೆಯಿಲ್ಲ. ಕಮಿಷನ್ ವೃತ್ತಿಯ ಖರ್ಚು. ವೃತ್ತಿಯ ಖರ್ಚನ್ನು ಕಳೆಯಲು ಅವಕಾಶವಿರುವ ಕಡೆ ಒಂದು ಬದಿಗೆ 48,000 ಆದಾಯ ಸೇರುತ್ತದೆ, ಇನ್ನೊಂದು ಬದಿಗೆ ಅಷ್ಟೇ ಖರ್ಚು ಹೋಗುತ್ತದೆ. ಸುಮ್ಮನೆ ಒಪ್ಪಿಕೊಂಡರೆ ಕೈಗೆ ಬಾರದ ಹಣಕ್ಕೆ ತೆರಿಗೆ ಕಟ್ಟಿದಂತಾಗುತ್ತದೆ.

ಚಿತ್ರಾ ಅವರೇ, ಜಾಲತಾಣದವರ ಲೆಕ್ಕ ತಪ್ಪಲ್ಲ. "ಅವರ ತಪ್ಪು" ಎಂದು ಬರೆದರೆ ಅಧಿಕಾರಿ ಅದನ್ನೇ ಪರಿಶೀಲಿಸಲು ಹೊರಡುತ್ತಾರೆ. ಮೊದಲು ತಿಂಗಳ ಪಟ್ಟಿಗಳನ್ನೆಲ್ಲ ಕೂಡಿ 4,80,000 ಬರುತ್ತದೆಯೇ ನೋಡಿ. ಬಂದರೆ ಹೀಗೆ ಬರೆಯಿರಿ:

> ಮಾನ್ಯರೇ,
> ವಿಷಯ: ವರದಿಯಾದ ಆದಾಯದಲ್ಲಿನ ವ್ಯತ್ಯಾಸದ ಕುರಿತು ವಿವರಣೆ.
> ಉಲ್ಲೇಖ: ನೋಟಿಸ್ ಸಂಖ್ಯೆ ……, ದಿನಾಂಕ ……
> ಉಲ್ಲೇಖಿತ ನೋಟಿಸ್‌ನಲ್ಲಿ ತಿಳಿಸಿರುವ 48,000 ವ್ಯತ್ಯಾಸಕ್ಕೆ ಸಂಬಂಧಿಸಿದಂತೆ, ಸದರಿ ಮೊತ್ತವು ಪಾವತಿದಾರರು ಕಡಿತಗೊಳಿಸಿದ ಕಮಿಷನ್ ಆಗಿರುತ್ತದೆ. ಒಟ್ಟು ಪಾವತಿ 4,80,000; ಕಮಿಷನ್ 48,000; ಸ್ವೀಕೃತ ಮೊತ್ತ 4,32,000. ರಿಟರ್ನ್‌ನಲ್ಲಿ ಕಮಿಷನ್ ಕಳೆದ ನಂತರದ ಮೊತ್ತವನ್ನು ನಮೂದಿಸಲಾಗಿದೆ. ಮಾಸಿಕ ಪಟ್ಟಿಗಳನ್ನೂ ಬ್ಯಾಂಕ್ ವಿವರವನ್ನೂ ಲಗತ್ತಿಸಿದೆ. ಇವುಗಳನ್ನು ಪರಿಗಣಿಸಿ, ಸದರಿ ಮೊತ್ತವನ್ನು ತೆರಿಗೆಗೊಳಪಡುವ ಆದಾಯಕ್ಕೆ ಸೇರಿಸದಿರುವಂತೆ ಕೋರುತ್ತೇನೆ.

ಪ್ರಾಮಾಣಿಕತೆಯ ಮಾತು ಇದರಲ್ಲಿ ಬೇಕಿಲ್ಲ. ಬರೆದ ಪ್ರತಿ ಅಂಕಿಗೂ ಒಂದು ಲಗತ್ತು ಇದ್ದರೆ ಸಾಕು.

ಹೇಮಂತ್77: ನನಗೂ ಇದೇ ತೊಂದರೆ. ಅಮ್ಮನ ಜೊತೆಗಿನ ಜಂಟಿ ಖಾತೆಯ ಬಡ್ಡಿ ಪೂರ್ತಿ ನನ್ನ ಹೆಸರಿಗೇ ಬಂದಿದೆ. ಇದೇ ಪತ್ರ ನಡೆಯುತ್ತದಾ?

ಲೆಕ್ಕಿಗ: ಇಲ್ಲ ಹೇಮಂತ್. ನಿಮ್ಮಲ್ಲಿ ಆ ಬಡ್ಡಿ ಯಾರದು ಎಂಬುದೇ ಪ್ರಶ್ನೆ. ಖಾತೆಗೆ ಯಾರ ಹಣ ಎಷ್ಟು ಹೋಗಿದೆ ಎಂಬ ದಾಖಲೆ ಬೇಕು, ಅಮ್ಮನವರು ತಮ್ಮ ಪಾಲನ್ನು ಅವರ ರಿಟರ್ನ್‌ನಲ್ಲಿ ತೋರಿಸಿದ್ದಾರೆಯೇ ಎಂಬುದೂ ಬೇಕು. ಬೇರೆ ಚರ್ಚೆ ತೆರೆಯಿರಿ, ನೋಡೋಣ.

ಚಿತ್ರಾ_ವಿನ್ಯಾಸ: ಕೂಡಿ ನೋಡಿದೆ, ಸರಿಯಾಗಿ 4,80,000 ಬಂತು. ಆದರೆ ಉತ್ತರದ ನಮೂನೆಯಲ್ಲಿ "ಒಪ್ಪುತ್ತೇನೆ", "ಒಪ್ಪುವುದಿಲ್ಲ" ಎರಡೇ ಇವೆ. ಪಾವತಿಯ ಮೊತ್ತ ಒಪ್ಪುತ್ತೇನೆ, ತೆರಿಗೆ ಒಪ್ಪುವುದಿಲ್ಲವಲ್ಲ.

ರವಿ_ಎಂ: ಮೊತ್ತ ಸರಿಯಿದೆ ಅಂದಮೇಲೆ "ಒಪ್ಪುತ್ತೇನೆ" ಹಾಕಿ, ಕೆಳಗೆ ವಿವರಣೆ ಬರೆಯಿರಿ.

ಲೆಕ್ಕಿಗ: ಅದು ಅಪಾಯ. "ಒಪ್ಪುತ್ತೇನೆ" ಎಂದರೆ ಆದಾಯಕ್ಕೆ ಸೇರಿಸಲು ಒಪ್ಪಿಗೆ ಎಂದು ತೆಗೆದುಕೊಂಡು, ವಿವರಣೆ ಓದದೆಯೇ ಮುಂದುವರಿಸಬಹುದು. ಆ ಆಯ್ಕೆಯ ಮೇಲಿನ ವಾಕ್ಯ ಏನು ಕೇಳುತ್ತದೆ, ಮೊತ್ತ ಸರಿಯೇ ಎಂದೋ, ಸೇರ್ಪಡೆ ಸರಿಯೇ ಎಂದೋ?

ಚಿತ್ರಾ_ವಿನ್ಯಾಸ: "ವ್ಯತ್ಯಾಸದ ಬಗ್ಗೆ ನಿಮ್ಮ ನಿಲುವು" ಅಂತಷ್ಟೇ ಇದೆ.

ಲೆಕ್ಕಿಗ: ಹಾಗಾದರೆ ನನಗೂ ಖಚಿತವಿಲ್ಲ. ಸಹಾಯ ವಿಭಾಗಕ್ಕೆ ಈ ಪ್ರಶ್ನೆಯನ್ನು ಲಿಖಿತವಾಗಿ ಕಳಿಸಿ. ಗಡುವಿನೊಳಗೆ ಉತ್ತರ ಬರುವಂತೆ ಕಾಣದಿದ್ದರೆ, ಗಡುವು ಮುಗಿಯುವ ಮುನ್ನವೇ ಕಾಲಾವಕಾಶ ಕೋರಿ ಸ್ವೀಕೃತಿ ಸಂಖ್ಯೆ ಇಟ್ಟುಕೊಳ್ಳಿ.