ಸಹಾಯ ಬೇಕು: ಅಮ್ಮನಿಗೆ ಅಂಗಾಲು ಉರಿ, ಐಸ್ ನೀರು ಬಿಡಿಸೋದು ಹೇಗೆ?

ನಮ್ಮಮ್ಮ ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ನಿಂತೇ ಹಣ್ಣು ವಿಂಗಡಿಸ್ತಾರೆ. ಬಿಸಿಲು ಏರಿದ್ರೆ ಸಾಕು, ಎರಡೂ ಅಂಗಾಲು ಕೆಂಪಗಾಗಿ, ಮುಟ್ಟಿದ್ರೆ ಕಾವು ಗೊತ್ತಾಗೋಷ್ಟು ಬಿಸಿಯಾಗಿ ಉರಿಯುತ್ತೆ. ಬೆಳಿಗ್ಗೆ ನೋಡಿದ್ರೆ ಮಾಮೂಲಿ ಕಾಲು! ಶುಗರ್ ನಾರ್ಮಲ್ ಇದೆ. ಎರಿಥ್ರೊಮೆಲಾಲ್ಜಿಯಾ ಅನ್ನೋ, ಕಾಲು ಕೆಂಪಗೆ ಬಿಸಿಯಾಗಿ ಉರಿಯೋ ಕಾಯಿಲೆ ಇರಬಹುದು ಅಂತ ಡಾಕ್ಟರು ಪ್ಲೇಟ್‌ಲೆಟ್ ಪರೀಕ್ಷೆಗೆ ಬರೆದಿದ್ದಾರೆ, ರಿಪೋರ್ಟ್ ಬಂದಿಲ್ಲ.

ಐಸ್ ನೀರಲ್ಲಿ ಕಾಲಿಡಬೇಡಿ, ಚರ್ಮ ನೆನೆದು ಹುಣ್ಣಾಗುತ್ತೆ, ತೆಗೆದ ಮೇಲೆ ಉರಿ ಇನ್ನೂ ಜಾಸ್ತಿಯಾಗಬಹುದು ಅಂದ್ರು. ಅಮ್ಮ ಬಕೆಟ್ ಬಿಡಲ್ಲ. ಬೆರಳ ಸಂದಿ ಆಗಲೇ ಬೆಳ್ಳಗಾಗಿ ಸುಲಿದಿದೆ. ದಿಂಬಿನ ಮೇಲೆ ಕಾಲೆತ್ತಿ ಫ್ಯಾನ್ ಹಾಕಿದ್ರೆ, ಹಿಂಡಿದ ತಣ್ಣನೆ ಬಟ್ಟೆ ಸ್ವಲ್ಪ ಹೊತ್ತಿಟ್ಟು ಒರೆಸಿದ್ರೆ ಉರಿ ಇಳಿಯುತ್ತೆ. ಆದ್ರೆ ಮಂಡಿಯಲ್ಲಿ ಫ್ಯಾನ್ ಎಲ್ಲಿಂದ ತರೋದು?

ನಿಂತು ಕೆಲಸ ಮಾಡೋರಲ್ಲಿ ಯಾರಿಗಾದ್ರೂ ಹೀಗಾಗಿದ್ಯಾ? ಎಂಥ ಚಪ್ಪಲಿ ಹಾಕ್ತೀರ, ಎಷ್ಟೊತ್ತಿಗೊಮ್ಮೆ ಕೂರ್ತೀರ, ಹೇಳಿ ಪ್ಲೀಸ್.