ಕಡಲೆಬೀಜದ ಉಂಡೆ: ಪಾಕ ಮರಳಾಗುವುದು ಯಾಕೆ?

ಪ್ರಶ್ನೆ (ಮಧುಗಿರಿಯಿಂದ, ಸ್ವಸಹಾಯ ಸಂಘದ ಸದಸ್ಯೆ): ಸಂತೆಗೆ ಕಡಲೆಬೀಜದ ಉಂಡೆ ಕಟ್ಟುತ್ತೇವೆ. ಒಂದೇ ದಿನ ಮೂರು ಒಬ್ಬೆ ಪಾಕ ಮಾಡಿದೆವು. ಮೊದಲನೆಯದು ಹೊಳೆಯುತ್ತಾ ಗಟ್ಟಿಯಾಗಿ ಬಂತು. ಎರಡು, ಮೂರನೆಯದು ಮಾರನೇ ದಿನ ಬೆಳ್ಳಗೆ ಮರಳಾಗಿ ಉದುರಿದವು. ಥರ್ಮಾಮೀಟರ್ ಇಲ್ಲ. ಪಾಕ ತಪ್ಪಿತಾ, ಬೆಲ್ಲ ಕೆಟ್ಟದ್ದಾ?

ಉತ್ತರ (ತುಮಕೂರಿನ ಮಿಠಾಯಿ ತಯಾರಕರು): ಅಕ್ಕ, ಮೊದಲನೆಯದು ಚೆನ್ನಾಗಿ ಬಂದಿದೆ ಎಂದರೆ ನಿಮ್ಮ ಕೈಗೆ ಪಾಕ ಗೊತ್ತಿದೆ. ಆದರೂ ಪರೀಕ್ಷೆ ಹೇಗೆ ಮಾಡುತ್ತೀರಿ ಎನ್ನುವುದು ಮುಖ್ಯ. ನಾನು ಮಾಡುವುದನ್ನು ಹೇಳುತ್ತೇನೆ.

ಒಂದು ಕೆಜಿ ಬೀಜಕ್ಕೆ ಸುಮಾರು 700 ಗ್ರಾಂ ಬೆಲ್ಲ, ಒಂದು ಟೀ ಲೋಟ ನೀರು. ಬೆಲ್ಲ ಪೂರ್ತಿ ಕರಗಿದ ಮೇಲೆ ಶೋಧಿಸಿ, ತೊಳೆದ ಬಾಣಲೆಗೆ ಹಾಕಿ ಕುದಿಸುತ್ತೇನೆ. ಪಕ್ಕದಲ್ಲಿ ತಟ್ಟೆಯಲ್ಲಿ ತಣ್ಣೀರು. ಮೊದಲು ಬಿಟ್ಟ ಹನಿ ನೀರಲ್ಲಿ ಹರಡಿ ಕರಗಿ ಹೋಗುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಹನಿ ತಳಕ್ಕೆ ಕೂರುತ್ತದೆ, ಬೆರಳಲ್ಲಿ ಕೂಡಿಸಿದರೆ ಕೂಡುತ್ತದೆ, ಆದರೆ ಕೈ ಬಿಟ್ಟರೆ ಚಪ್ಪಟೆಯಾಗುತ್ತದೆ. ಅದು ತಂಬಿಟ್ಟಿಗೆ ಸಾಕು, ಬೀಜಕ್ಕೆ ಸಾಲದು. ಆಮೇಲೆ ಗೋಲಿಯ ಹಾಗೆ ಉರುಳಿಸಬಹುದು, ಹಾಗೇ ನಿಲ್ಲುತ್ತದೆ, ಒತ್ತಿದರೆ ಮಾತ್ರ ಸ್ವಲ್ಪ ಒಳಗೆ ಹೋಗುತ್ತದೆ. ತಟ್ಟೆಗೆ ಬಡಿದರೆ ಮಂದವಾಗಿ ಟಪ್ ಅನ್ನುತ್ತದೆ. ನಿಮಗೆ ಬೇಕಾದದ್ದು ಇದೇ. ಟಣ್ ಅಂದು ಮುರಿದರೆ ಅದು ಕಡಲೆ ಮಿಠಾಯಿಯ ಪಾಕ. ಉಂಡೆ ಕಟ್ಟುವಷ್ಟರಲ್ಲಿ ಕೈಯಲ್ಲೇ ಕಲ್ಲಾಗುತ್ತದೆ.

ಎರಡು ಕಡೆ ಎಲ್ಲರೂ ತಪ್ಪುತ್ತಾರೆ. ಹನಿ ನೋಡುವಾಗ ಉರಿಯನ್ನು ಪೂರ್ತಿ ಸಣ್ಣಗೆ ಮಾಡಬೇಕು. ಕೊನೆಗೆ ನೀರು ಕಡಿಮೆ ಉಳಿದಿರುತ್ತದೆ, ಪಾಕ ಬೇಗ ಬೇಗ ಏರುತ್ತದೆ, ನೀವು ಉರುಳಿಸುವ ಅರ್ಧ ನಿಮಿಷದಲ್ಲೇ ಟಪ್ ಹೋಗಿ ಟಣ್ ಆಗಿರುತ್ತದೆ. ಇನ್ನೊಂದು, ತಟ್ಟೆಯ ನೀರನ್ನು ಪ್ರತಿ ಸಲ ಬದಲಿಸಿ. ನಾಲ್ಕು ಹನಿ ಬಿದ್ದ ನೀರು ಬೆಚ್ಚಗಾಗಿ, ಆದ ಪಾಕವನ್ನೂ ಎಳೆಯದು ಎಂದು ತೋರಿಸುತ್ತದೆ.

ಈಗ ನನ್ನ ಪ್ರಶ್ನೆ. ಒಬ್ಬೆ ಒಬ್ಬೆಗೂ ಬಾಣಲೆ ತೊಳೆದಿರಾ?

ಚಿಂತಾಮಣಿಯ ಯುವಕ: ಅಣ್ಣ, ಇಷ್ಟೆಲ್ಲಾ ಯಾಕೆ? 300 ರೂಪಾಯಿ ಆಸುಪಾಸಿಗೆ ಥರ್ಮಾಮೀಟರ್ ಸಿಗುತ್ತದೆ. 120 ಡಿಗ್ರಿ ಬಂದ ತಕ್ಷಣ ಇಳಿಸಿದರೆ ಆಯಿತು.

ತುಮಕೂರಿನ ತಯಾರಕರು: ತಮ್ಮಾ, ತಗೊಂಡರೆ ಒಳ್ಳೆಯದೇ. ಆದರೆ ಪುಸ್ತಕದ ಅಂಕಿ ಸಮುದ್ರದ ಮಟ್ಟದ್ದು. ನಮ್ಮ ತುಮಕೂರು, ಕೋಲಾರ, ನಿಮ್ಮ ಚಿಂತಾಮಣಿ ಎಲ್ಲಾ 800 ಮೀಟರಿಗೂ ಮೇಲಿವೆ. ಇಲ್ಲಿ ನೀರೇ ಸುಮಾರು 97ಕ್ಕೆ ಕುದಿಯುತ್ತದೆ. ಪುಸ್ತಕ 120 ಅಂದರೆ ನಾವು 117ರ ಸುತ್ತಮುತ್ತ ನೋಡಬೇಕು. ಮೊದಲು ಬರೀ ನೀರು ಕುದಿಸಿ ಅದು 100ಕ್ಕಿಂತ ಎಷ್ಟು ಕಡಿಮೆ ತೋರಿಸುತ್ತದೆ ನೋಡು, ಪುಸ್ತಕದ ಅಂಕಿಯಿಂದ ಅಷ್ಟನ್ನು ಕಳೆ. ಇನ್ನು ಬೆಲ್ಲ ಸಕ್ಕರೆಯಷ್ಟು ಶುದ್ಧ ಅಲ್ಲ. ಲಾಟಿಗೊಂದು ಥರ ಇರುತ್ತದೆ. ಹಾಗಾಗಿ ಕೊನೆಯ ಮಾತು ತಟ್ಟೆಯ ನೀರಿನದ್ದೇ.

ಮಧುಗಿರಿ: ಇಲ್ಲ ಅಣ್ಣ, ತೊಳೆಯಲಿಲ್ಲ. ಬೆಲ್ಲ ವೇಸ್ಟ್ ಆಗುತ್ತದೆ ಅಂತ ಅದೇ ಬಾಣಲೆಗೆ ಎರಡನೆಯದನ್ನು ಹಾಕಿದೆವು. ಅಂಚಿಗೆ ಒಣಗಿ ಅಂಟಿದ್ದನ್ನು ಸೌಟಲ್ಲಿ ಕೆರೆದು ಒಳಗೆ ಬಿಟ್ಟೆವು. ಪಾಕ ಬಂದ ಮೇಲೆ ಬೀಜ ಹಾಕಿ, ಎಲ್ಲದಕ್ಕೂ ಹತ್ತಲಿ ಅಂತ ತುಂಬಾ ಹೊತ್ತು ತಿರುವಿದೆವು.

ತುಮಕೂರಿನ ತಯಾರಕರು: ಇದೇ ಅಕ್ಕ. ಆ ಅಂಚಿನದ್ದೇ ಕೆಡಿಸಿದ್ದು ಎಂದು ನನಗೆ ಅನಿಸುತ್ತಿದೆ.

ಪಾಕ ಎಂದರೆ ನೀರು ಹಿಡಿದಿಡಲಾಗದಷ್ಟು ಸಕ್ಕರೆ ಅದರಲ್ಲಿ ಸಿಕ್ಕಿಕೊಂಡಿದೆ ಅಂತ. ತಣ್ಣಗಾಗುತ್ತಾ ಆ ಸಕ್ಕರೆ ಮತ್ತೆ ಹರಳಾಗಲು ಜಾಗ ಹುಡುಕುತ್ತದೆ. ಅಂಚಿಗೆ ಒಣಗಿದ ಪಾಕದಲ್ಲಿ ಆಗಲೇ ಸಣ್ಣ ಸಣ್ಣ ಹರಳು ಇರುತ್ತವೆ. ಅದನ್ನು ಕೊನೆಯಲ್ಲಿ ಕೆರೆದು ಹಾಕಿದರೆ ಕರಗಲು ನೀರೂ ಇಲ್ಲ, ಹೊತ್ತೂ ಇಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಒಂದು ಹರಳು ಸಿಕ್ಕರೆ ಸುತ್ತಲಿನ ಸಕ್ಕರೆ ಅದಕ್ಕೆ ಬಂದು ಅಂಟುತ್ತದೆ. ತಣಿಯುವಾಗ ತಿರುವಿದರೆ ಅದು ಇನ್ನೂ ಜೋರಾಗುತ್ತದೆ. ಮೊದಲ ಒಬ್ಬೆಗೆ ಬಾಣಲೆ ಶುಭ್ರವಾಗಿತ್ತು, ಹೆಪ್ಪಿಗೆ ಏನೂ ಸಿಗಲಿಲ್ಲ.

ಹೀಗೆ ಮಾಡಿ. ಬೆಲ್ಲ ಕರಗುವಾಗ ಐದು ನಿಮಿಷ ಮುಚ್ಚಳ ಹಾಕಿ, ಹಬೆಯ ನೀರೇ ಅಂಚನ್ನು ತೊಳೆಯುತ್ತದೆ. ಕುದಿ ಶುರುವಾದ ಮೇಲೆ ಅಂಚಿನದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಒಳಗೆ ಬಿಡಬೇಡಿ. ಅಂಟಿದ ಬೆಲ್ಲ ಬಿಸಿನೀರಲ್ಲಿ ಕರಗಿಸಿ ಮುಂದಿನ ಒಬ್ಬೆಯ ಆರಂಭದ ನೀರಾಗಿ ಬಳಸಿ, ಆಗ ಒಂದು ಚೂರೂ ವೇಸ್ಟ್ ಆಗಲ್ಲ. ಹುರಿದ ಬೀಜ ಬೆಚ್ಚಗಿರಲಿ. ಹಾಕಿ ಹತ್ತಿಪ್ಪತ್ತು ಸಲ ಬೇಗ ಬೇಗ ಮಗುಚಿ ನಿಲ್ಲಿಸಿ. ಕೈಗೆ ತುಪ್ಪ ಸವರಿಕೊಂಡು ಬಿಸಿಯಲ್ಲೇ ಕಟ್ಟಿ.

ಗೌರಿಬಿದನೂರಿನ ಅಜ್ಜಿಯ ಮೊಮ್ಮಗಳು: ನಮ್ಮಜ್ಜಿ ನಿಂಬೆಹಣ್ಣು ಹಿಂಡುತ್ತಿದ್ದರು. ಒಂದು ಹಣ್ಣು ಹಿಂಡಿದರೆ ಸಕ್ಕರೆಗಟ್ಟಲ್ಲ ಅಲ್ವಾ?

ತುಮಕೂರಿನ ತಯಾರಕರು: ಅರ್ಧ ನಿಜ ಅಮ್ಮಾ. ಹುಳಿ ಸಕ್ಕರೆಯನ್ನು ಸ್ವಲ್ಪ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಮಾಡುತ್ತದೆ. ಅವು ಅಡ್ಡ ಬಂದು ಹರಳು ಸೇರಲು ಬಿಡುವುದಿಲ್ಲ. ಬೆಲ್ಲದಲ್ಲಿ ಅವು ಮೊದಲೇ ಇರುತ್ತವೆ, ಅದಕ್ಕೇ ಬೆಲ್ಲದ ಪಾಕ ಬರೀ ಸಕ್ಕರೆ ಪಾಕದಷ್ಟು ಬೇಗ ಮರಳಾಗಲ್ಲ. ಒಂದು ಕೆಜಿ ಬೆಲ್ಲಕ್ಕೆ ನಾಲ್ಕೈದು ಹನಿ, ಅದೂ ಶುರುವಿನಲ್ಲಿ. ಹಣ್ಣು ಪೂರ್ತಿ ಹಿಂಡಿದರೆ ಪಾಕ ಗಟ್ಟಿಯಾಗುವುದೇ ಇಲ್ಲ.

ಮಾಲೂರಿನವರು: ನಮಗೂ ಇದೇ ತೊಂದರೆ ಸಾರ್. ಆದರೆ ನಮ್ಮದು ಮಳೆಗಾಲದಲ್ಲಿ ಅಂಟು ಅಂಟಾಗಿ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ನಾವೂ ಬಾಣಲೆ ತೊಳೆಯಬೇಕಾ?

ತುಮಕೂರಿನ ತಯಾರಕರು: ಅದು ತದ್ವಿರುದ್ಧ ಕಾಯಿಲೆ. ಮೆತ್ತಗಿರುವ ಹಳೇ ಬೆಲ್ಲದಲ್ಲಿ ಅದೇ ಗ್ಲೂಕೋಸ್, ಫ್ರಕ್ಟೋಸ್ ಜಾಸ್ತಿ. ಅವು ಗಾಳಿಯ ತೇವ ಎಳೆದುಕೊಳ್ಳುತ್ತವೆ. ನೀವು ನಿಂಬೆ ಹಾಕಲೇಬೇಡಿ. ಮುರಿದರೆ ಗಟ್ಟಿಯಾಗಿರುವ ಬೆಲ್ಲ ತಂದು, ಪಾಕವನ್ನು ಒಂದು ಚೂರು ಮುಂದಕ್ಕೆ ಬಿಡಿ. ತಣಿದ ತಕ್ಷಣ ಗಾಳಿಯಾಡದ ಡಬ್ಬಿಗೆ ಹಾಕಿ.

ಮಧುಗಿರಿ: ಅಣ್ಣ, ಉದುರಿದ ಉಂಡೆ ಮೂರು ಕೆಜಿ ಇದೆ. ಏನು ಮಾಡಲಿ?

ತುಮಕೂರಿನ ತಯಾರಕರು: ಬೀಜ ಸೇರಿದ ಮೇಲೆ ಪಾಕವನ್ನು ಮತ್ತೆ ಮೊದಲಿನ ಹಾಗೆ ಮಾಡಲು ಆಗಲ್ಲ. ಪುಡಿ ಮಾಡಿ, ಕೆಜಿಗೆ ಎರಡು ಮೂರು ಚಮಚ ನೀರು ಚಿಮುಕಿಸಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಕಟ್ಟಬಹುದು. ಮೆತ್ತಗಿರುತ್ತದೆ, ಎರಡು ದಿನದೊಳಗೆ ಮನೆಯಲ್ಲೇ ತಿನ್ನಿ. ಸಂತೆಗೆ ಒಯ್ಯಬೇಡಿ. ಬರೀ ಪಾಕ ಮರಳಾದರೆ ಮಾತ್ರ ಒಂದು ಸೌಟು ನೀರು ಹಾಕಿ ಪೂರ್ತಿ ಕರಗಿಸಿ ಮತ್ತೆ ಕುದಿಸಿ.

ಮಧುಗಿರಿ (ನಾಲ್ಕು ದಿನದ ನಂತರ): ಬಾಣಲೆ ತೊಳೆದು, ಅಂಚು ಒರೆಸಿ, ಬೇಗ ಮಗುಚಿ ಮೂರು ಒಬ್ಬೆ ಮಾಡಿದೆವು. ಎರಡು ಹೊಳೆಯುತ್ತಿವೆ. ಮೂರನೆಯದರಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆ ಇದೆ. ಅದಕ್ಕೆ ಬೇರೆ ಅಂಗಡಿಯ ಅಚ್ಚು ಬೆಲ್ಲ ಹಾಕಿದ್ದೆವು, ತುಂಬಾ ಬೆಳ್ಳಗಿತ್ತು.

ತುಮಕೂರಿನ ತಯಾರಕರು: ಸಕ್ಕರೆ ಬೆರೆಸಿದ ಬೆಲ್ಲ ಹಾಗೇ ಬೆಳ್ಳಗಿರುತ್ತದೆ, ಬೇಗ ಮರಳಾಗುತ್ತದೆ. ಆದರೆ ಕಣ್ಣಲ್ಲಿ ನೋಡಿ ಇದು ಅದೇ ಎಂದು ನಾನು ಹೇಳಲಾರೆ. ಅದೇ ಬೆಲ್ಲ ಅರ್ಧ ಕೆಜಿ ತಗೊಂಡು ಎರಡು ಪಾಲು ಮಾಡಿ. ಒಂದಕ್ಕೆ ಶುರುವಿನಲ್ಲೇ ಎರಡು ಹನಿ ನಿಂಬೆ, ಇನ್ನೊಂದಕ್ಕೆ ಬೇಡ. ಎರಡಕ್ಕೂ ಒಂದೇ ಟಪ್ ಪಾಕ. ಮಾರನೇ ದಿನ ಮುರಿದು ಫೋಟೋ ಹಾಕಿ.