ಮಂಗಳೂರಿನ ಬಿಲ್‌ನಲ್ಲಿ ಎರಡು ತಪ್ಪು: ಹತ್ತು ಪೈಪಿನ ಕ್ರೆಡಿಟ್ ನೋಟ್ ತೆಗೆದುಕೊಂಡರೆ ಸಾಕಾ?

ಪ್ರಶ್ನೆ (ಬದಿಯಡ್ಕದ ಹಾರ್ಡ್‌ವೇರ್ ಅಂಗಡಿಯವರು): ಮಂಗಳೂರಿನ ಹೋಲ್‌ಸೇಲ್ ಅಂಗಡಿಯಿಂದ ಪಿವಿಸಿ ಪೈಪ್ ತರಿಸಿದ್ದೆ. ಅವರದ್ದೇ ಟೆಂಪೋದಲ್ಲಿ ಬಂತು. ಬಂದದ್ದು 50, ಬಿಲ್‌ನಲ್ಲಿ 60. ಒಂದಕ್ಕೆ 650 ರೂ. ಲೆಕ್ಕದಲ್ಲಿ 39,000, ಅದರ ಮೇಲೆ ಸಿಜಿಎಸ್‌ಟಿ 3,510, ಎಸ್‌ಜಿಎಸ್‌ಟಿ 3,510, ಒಟ್ಟು 46,020 ರೂ. ಹಾಕಿದ್ದಾರೆ. ಬಿಲ್ ಕಳೆದ ತಿಂಗಳ 28ರದ್ದು, ಇವತ್ತು 7. ದುಡ್ಡು ಇನ್ನೂ ಕೊಟ್ಟಿಲ್ಲ. ಫೋನ್ ಮಾಡಿದ್ದಕ್ಕೆ, "ಹತ್ತು ಪೈಪಿಗೆ 7,670 ರೂ.ಯ ಕ್ರೆಡಿಟ್ ನೋಟ್ ಕಳಿಸ್ತೇನೆ, ಬಾಕಿ ಹಾಕಿ" ಅಂದರು. ತೆಗೆದುಕೊಳ್ಳಬಹುದಾ?

ಉತ್ತರ (ಕಾಸರಗೋಡಿನ ತೆರಿಗೆ ಸಲಹೆಗಾರ್ತಿ): ತೆಗೆದುಕೊಳ್ಳಬೇಡಿ. ಹತ್ತು ಪೈಪಿನ ಲೆಕ್ಕ ಅದರಿಂದ ಸರಿಯಾಗುತ್ತದೆ, 6,500 ಮತ್ತು ಅದರ ತೆರಿಗೆ 1,170 ಸೇರಿ 7,670 ಸರಿಯೇ. ಆದರೆ ಉಳಿದ 50 ಪೈಪಿನ ಮೇಲೆ ಕರ್ನಾಟಕದ ತೆರಿಗೆ ಹಾಗೇ ಕೂತಿರುತ್ತದೆ. ಅದು 5,850 ರೂ., ಮತ್ತು ಅದರ ಇನ್‌ಪುಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ನಿಮಗೆ ಒಂದು ಪೈಸೆಯಷ್ಟೂ ಸಿಗುವುದಿಲ್ಲ.

ಬಿಲ್ ಎದುರಿಗಿಟ್ಟು ಎರಡು ಜಿಎಸ್‌ಟಿ ನಂಬರ್ ನೋಡಿ. ಅವರದ್ದು 29ರಿಂದ ಶುರುವಾಗುತ್ತದೆ, ಅದು ಕರ್ನಾಟಕ. ನಿಮ್ಮದು 32, ಕೇರಳ. ಸರಕನ್ನು ಅವರೇ ಬದಿಯಡ್ಕಕ್ಕೆ ತಂದು ಇಳಿಸಿದ್ದಾರೆ. ಹಾಗಾದ ಮೇಲೆ ಅಲ್ಲಿ ಇರಬೇಕಾದದ್ದು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಸರಕಿನ ತೆರಿಗೆ, ಐಜಿಎಸ್‌ಟಿ ಎಂಬ ಒಂದೇ ಸಾಲು. ಶೇ. 18 ದರ ಸರಿ ಇದೆ, ಮೊತ್ತವೂ ಒಂದೇ ಆಗುತ್ತದೆ. ಅದಕ್ಕೇ ಹೆಚ್ಚಿನವರ ಕಣ್ಣಿಗೆ ಈ ತಪ್ಪು ಬೀಳುವುದಿಲ್ಲ. ದುಡ್ಡು ಕೊಟ್ಟು ಎರಡು ತಿಂಗಳಾದ ಮೇಲೆ ನಮ್ಮ ಆಫೀಸಿಗೆ ಬಂದು "ಇನ್‌ಪುಟ್ ಯಾಕೆ ಬರಲಿಲ್ಲ" ಎಂದು ಕೇಳುವವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಗಡಿಯ ಅಂಗಡಿಗಳಲ್ಲಿ ಇದು ಅಷ್ಟು ಸಾಮಾನ್ಯ.

ಈಗ ಮುಖ್ಯವಾದದ್ದು ತಾರೀಕು. ಅವರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾದರೆ ಕಳೆದ ತಿಂಗಳ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1 ಸಲ್ಲಿಸಲು 11ರ ತನಕ ಸಮಯವಿದೆ. ಇವತ್ತೇ ಫೋನ್ ಮಾಡಿ ಅದೊಂದನ್ನು ಮೊದಲು ಕೇಳಿ. ಹಾಕಿಲ್ಲವೆಂದರೆ ಕೆಲಸ ಸುಲಭ. ಆ ಬಿಲ್ ರದ್ದು ಮಾಡಿ, ಹೊಸ ನಂಬರಿನಲ್ಲಿ 50 ಪೈಪಿಗೆ ಬಿಲ್ ಮಾಡಲಿ. ರದ್ದಾದ ನಂಬರನ್ನು ಜಿಎಸ್‌ಟಿಆರ್-1ರ ಕೊನೆಯಲ್ಲಿ ಬಿಲ್ ನಂಬರುಗಳ ಲೆಕ್ಕ ಕೊಡುವಲ್ಲಿ ರದ್ದು ಎಂದು ತೋರಿಸಿದರಾಯಿತು.

ಹಾಕಿಯಾಗಿದೆ ಎಂದರೆ ಆ ಬಿಲ್ಲನ್ನು ಹಾಗೆ ಅಳಿಸಲಿಕ್ಕೆ ಬರುವುದಿಲ್ಲ. ಆಗ ಪೂರ್ತಿ 46,020 ರೂ.ಗೆ ಕ್ರೆಡಿಟ್ ನೋಟ್, ಜೊತೆಗೆ ಐಜಿಎಸ್‌ಟಿ ಹಾಕಿದ ಹೊಸ ಬಿಲ್ ಕೇಳಿ. ಅವರ ಅಕೌಂಟೆಂಟ್ ರಿಟರ್ನಿನಲ್ಲೇ ತಿದ್ದುಪಡಿ ಮಾಡುತ್ತೇನೆಂದರೆ ಅದೂ ಆಗುತ್ತದೆ, ಆದರೆ ನಿಮ್ಮ ಕೈಯಲ್ಲಿರುವ ಕಾಗದವೂ ಅದಕ್ಕೆ ತಕ್ಕಂತೆ ಬದಲಾಗಿ ಬರಬೇಕು.

ಬಾಯಿಮಾತಲ್ಲಿ ಬಿಡಬೇಡಿ. ಫೋನ್ ಆದ ಕೂಡಲೇ ಹೀಗೆ ವಾಟ್ಸಾಪ್ ಮಾಡಿ:

"ನಿಮ್ಮ 28ನೇ ತಾರೀಕಿನ ಬಿಲ್‌ನಲ್ಲಿ ಪೈಪ್ 60 ಎಂದಿದೆ, ಇಳಿಸಿದ್ದು 50. ಸರಕು ಕೇರಳಕ್ಕೆ ಬಂದಿದೆ, ನಮ್ಮ ಜಿಎಸ್‌ಟಿ ನಂಬರ್ 32ರದ್ದು, ಆದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿದ್ದೀರಿ. ಜಿಎಸ್‌ಟಿಆರ್-1 ಹಾಕುವ ಮೊದಲು ಇದನ್ನು ರದ್ದು ಮಾಡಿ ಹೊಸ ಬಿಲ್ ಕೊಡಿ: 50 ಪೈಪ್, 32,500 ರೂ., ಐಜಿಎಸ್‌ಟಿ 5,850 ರೂ., ಒಟ್ಟು 38,350 ರೂ. ಹಳೆಯ ಬಿಲ್ಲಿನ ನಂಬರ್ ಕೆಳಗೆ ಬರೆದಿರಲಿ. ಸರಿಯಾದ ಬಿಲ್ ಬಂದ ದಿನವೇ ಹಣ ಕಳಿಸುತ್ತೇನೆ."

ಕೊನೆಯ ಸಾಲನ್ನು ಬಿಡಬೇಡಿ. ದುಡ್ಡು ನಿಮ್ಮ ಕೈಯಲ್ಲಿರುವಾಗ ಕೆಲಸ ಬೇಗ ಆಗುತ್ತದೆ. ಅಂದ ಹಾಗೆ, ಪೈಪ್ ಇಳಿಸಿದ ದಿನ ಡ್ರೈವರ್ ಕೈಯಲ್ಲಿ ಏನಾದರೂ ಬರೆಸಿಕೊಂಡಿದ್ದೀರಾ?

ಬದಿಯಡ್ಕ: ಉಂಟು ಮೇಡಂ. ಡೆಲಿವರಿ ಚೀಟಿಯಲ್ಲಿ 60 ಹೊಡೆದು ಹಾಕಿ 50 ಬರೆದೆ, ಡ್ರೈವರ್ ಸೈನ್ ಮಾಡಿದ್ದಾನೆ.

ಸಲಹೆಗಾರ್ತಿ: ಅದರ ಫೋಟೊ ಮೆಸೇಜಿನ ಜೊತೆಗೇ ಕಳಿಸಿ. ನಿಮ್ಮ ಸ್ಟಾಕಿನಲ್ಲೂ 50 ಮಾತ್ರ ಏರಿಸಿ.

ಉಪ್ಪಳದ ನಿವೃತ್ತ ಅಕೌಂಟೆಂಟ್: ಇಷ್ಟೆಲ್ಲ ಯಾಕೆ? ವ್ಯಾಟ್ ಕಾಲದಲ್ಲಿ ನಾವು ಬಿಲ್ ತಿದ್ದಿ, ಸೀಲ್ ಹಾಕಿ, ಸಹಿ ಮಾಡಿ ಕೊಡ್ತಿದ್ದೆವು. ಈಗಲೂ ಸಾಫ್ಟ್‌ವೇರ್‌ನಲ್ಲಿ ಅದೇ ಬಿಲ್ ತೆರೆದು 50 ಮಾಡಿ, "ರಿವೈಸ್ಡ್" ಎಂದು ಹಾಕಿ ಪ್ರಿಂಟ್ ಕೊಟ್ಟರೆ ಮುಗೀತು. ನಂಬರ್ ಬದಲಾಯಿಸುವ ಅಗತ್ಯ ಇಲ್ಲ.

ಸಲಹೆಗಾರ್ತಿ: ಅಣ್ಣ, ಜಿಎಸ್‌ಟಿಆರ್-1 ಹೋಗುವ ಮೊದಲು ಹಾಗೆ ಮಾಡಿದರೆ ಪೋರ್ಟಲ್ ಏನೂ ಹೇಳುವುದಿಲ್ಲ, ಅಷ್ಟರ ಮಟ್ಟಿಗೆ ನಿಮ್ಮ ಮಾತು ನಿಜ. ಆದರೆ 60ರ ಕಾಗದ ಇವರ ಅಂಗಡಿ ಸೇರಿಯಾಗಿದೆ. ಒಂದೇ ನಂಬರಿನಲ್ಲಿ ಎರಡು ಮೊತ್ತದ ಎರಡು ಬಿಲ್ ಓಡಾಡಿದರೆ ನಾಳೆ ಲೆಕ್ಕ ನೋಡುವವರು ಯಾವುದನ್ನು ನಂಬಬೇಕು? ಕಾಯ್ದೆಯಲ್ಲಿ ರಿವೈಸ್ಡ್ ಇನ್‌ವಾಯ್ಸ್ ಎಂಬುದು ಬೇರೆಯೇ ಕೆಲಸಕ್ಕೆ ಇರುವುದು, ಹೊಸದಾಗಿ ನೋಂದಣಿಯಾದವರು ಸರ್ಟಿಫಿಕೇಟ್ ಬರುವ ಮೊದಲು ಕೊಟ್ಟ ಬಿಲ್‌ಗಳಿಗೆ. ಇನ್ನೊಂದು ವಿಷಯ, ಬಿಲ್‌ನಲ್ಲಿ ಇ-ಇನ್‌ವಾಯ್ಸಿನ ಕ್ಯೂಆರ್ ಕೋಡ್ ಇದ್ದರೆ ನಿಮ್ಮ ದಾರಿ ಪೂರ್ತಿ ಮುಚ್ಚುತ್ತದೆ. ವರ್ಷಕ್ಕೆ 5 ಕೋಟಿ ದಾಟಿದ ವ್ಯಾಪಾರಿಗಳ ಬಿಲ್ ಹಾಗಿರುತ್ತದೆ. ಅದನ್ನು ಅಲ್ಲಿ ತಿದ್ದಲಿಕ್ಕೇ ಆಗುವುದಿಲ್ಲ. ರದ್ದು ಮಾಡಲು 24 ಗಂಟೆ ಮಾತ್ರ, ರದ್ದಾದ ನಂಬರನ್ನು ಮತ್ತೆ ಬಳಸಲಿಕ್ಕೂ ಇಲ್ಲ. ಬದಿಯಡ್ಕದವರೇ, ನಿಮ್ಮದರಲ್ಲಿ ಉಂಟಾ?

ಬದಿಯಡ್ಕ: ಇಲ್ಲ. ಪೇಮೆಂಟಿನ ಯುಪಿಐ ಕೋಡ್ ಮಾತ್ರ.

ಸಲಹೆಗಾರ್ತಿ: ಅದು ಬೇರೆ. ಹಾಗಾದರೆ ನಾನು ಮೇಲೆ ಹೇಳಿದ ಹಾಗೆ ಮಾಡಿ.

ಕುಂಬಳೆಯ ಇಲೆಕ್ಟ್ರಿಕಲ್ ಅಂಗಡಿಯವರು: ಮೇಡಂ, ಅವರು ತಿದ್ದದೇ ಜಿಎಸ್‌ಟಿಆರ್-1 ಹಾಕಿಬಿಟ್ಟರೂ ಹೆದರಬೇಕಿಲ್ಲ ಅಲ್ವಾ? ಮಾರಿದವರು ಹಾಕಿದ ಬಿಲ್ ನಾವು ಒಪ್ಪುವ, ತಳ್ಳುವ ಜಾಗ ಉಂಟಲ್ಲ, ಪೋರ್ಟಲ್‌ನ ಐಎಂಎಸ್, ಅದರಲ್ಲಿ ರಿಜೆಕ್ಟ್ ಒತ್ತಿದರೆ ಅವರೇ ಓಡಿ ಬರ್ತಾರೆ.

ಸಲಹೆಗಾರ್ತಿ: ಪೈಪಿನ ಸಂಖ್ಯೆ ಮಾತ್ರ ತಪ್ಪಾಗಿದ್ದರೆ ಆ ದಾರಿ ಸರಿ. ಈ ಬಿಲ್ ಮಾತ್ರ ಐಎಂಎಸ್‌ಗೆ ಬರುವುದೇ ಇಲ್ಲ. ಮಾರಿದವರ ರಾಜ್ಯ ಮತ್ತು ಸರಬರಾಜಿನ ಸ್ಥಳ ಎರಡೂ ಕರ್ನಾಟಕ, ಕೊಂಡವರು ಕೇರಳ ಎಂದಾದಾಗ ಅದು ನೇರವಾಗಿ ಕೊಂಡವರ ತಿಂಗಳ ಇನ್‌ಪುಟ್ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ "ಇನ್‌ಪುಟ್ ಲಭ್ಯವಿಲ್ಲ" ಎಂಬ ಭಾಗಕ್ಕೆ ಹೋಗಿ ಕೂರುತ್ತದೆ. ರಿಜೆಕ್ಟ್ ಒತ್ತಲು ಅಲ್ಲಿ ಏನೂ ಇರುವುದಿಲ್ಲ. 14ಕ್ಕೆ 2ಬಿ ಬಂದಾಗ ಎಲ್ಲರೂ ಮೇಲಿನ ಮೊತ್ತ ನೋಡಿ ಮುಚ್ಚುತ್ತಾರೆ. ಮಂಗಳೂರಿನಿಂದ ಸರಕು ತರಿಸುವವರು ಆ ಕೆಳಗಿನ ಭಾಗವನ್ನು ಪ್ರತಿ ತಿಂಗಳು ತೆರೆದು ನೋಡಲೇಬೇಕು.

ಕುಂಬಳೆ: ಹಾಗಾದ್ರೆ ನನ್ನ ಕತೆಯೂ ಅದೇ ಇರಬೇಕು. ನಾನು ನನ್ನದೇ ಪಿಕಪ್‌ನಲ್ಲಿ ಹೋಗಿ ವಯರ್, ಸ್ವಿಚ್ ತುಂಬಿಸಿಕೊಂಡು ಬರುವುದು. "ನೀವು ನಮ್ಮ ಬಾಗಿಲಲ್ಲಿ ಸರಕು ತೆಗೆದುಕೊಂಡಿದ್ದೀರಿ, ಮಾರಾಟ ಇಲ್ಲೇ ಆಯ್ತು" ಎಂದು ಅವರು ಕರ್ನಾಟಕದ ತೆರಿಗೆಯನ್ನೇ ಹಾಕುವುದು.

ಸಲಹೆಗಾರ್ತಿ: ಬದಿಯಡ್ಕದವರಷ್ಟು ನೇರ ಇಲ್ಲ ನಿಮ್ಮದು. ಸರಕಿನ ಪ್ರಯಾಣ ಕೊಂಡವರಿಗೆ ತಲುಪಿಸುವುದಕ್ಕಾಗಿ ಎಲ್ಲಿ ಮುಗಿಯುತ್ತದೋ ಅದೇ ಸರಬರಾಜಿನ ಸ್ಥಳ ಎನ್ನುತ್ತದೆ ಕಾಯ್ದೆ. ಪಿಕಪ್ ನಿಮ್ಮದೇ ಆದರೂ ಪ್ರಯಾಣ ಮುಗಿಯುವುದು ಕುಂಬಳೆಯಲ್ಲಿ, ಆದ್ದರಿಂದ ಐಜಿಎಸ್‌ಟಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಕೌಂಟರಿನಲ್ಲೇ ತಲುಪಿಸಿಯಾಯಿತು ಎಂದು ವಾದಿಸುವ ಅಕೌಂಟೆಂಟರೂ ಇದ್ದಾರೆ, ಅವರ ಜೊತೆ ನಾನು ಫೋನಿನಲ್ಲಿ ಜಗಳ ಮಾಡಿದ್ದೂ ಉಂಟು, ಎರಡೂ ಕಡೆಯವರು ಒಪ್ಪದೆ ಉಳಿದದ್ದೂ ಉಂಟು. ಮುಂದಿನ ಬಿಲ್ಲಿಗೆ ಮೊದಲೇ ಮಾತಾಡಿಕೊಳ್ಳಿ. ಸರಕು ತಲುಪುವ ವಿಳಾಸ ಕುಂಬಳೆ ಎಂದು, ಗಾಡಿ ನಂಬರ್ ಸಮೇತ ಬಿಲ್‌ನಲ್ಲೇ ಬರೆಯಿಸಿ.

ಮಂಜೇಶ್ವರದಿಂದ ಒಬ್ಬರು: ನಾನೂ ಮನೆ ಕಟ್ಟಲಿಕ್ಕೆ ಮಂಗಳೂರಿನಿಂದ ಟೈಲ್ಸ್ ತಂದದ್ದು. ಬಿಲ್‌ನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಉಂಟು. ನನ್ನದೂ ಬದಲಾಯಿಸಿ ಕೊಡಿ ಎಂದು ಕೇಳಿದರೆ ಆ ದುಡ್ಡು ವಾಪಸ್ ಬರ್ತದಾ?

ಸಲಹೆಗಾರ್ತಿ: ನಿಮಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಇನ್‌ಪುಟ್ ಎಂಬ ಮಾತೇ ಇಲ್ಲ, ಯಾವ ಹೆಸರಿನ ತೆರಿಗೆಯಾದರೂ ನೀವು ಕೊಟ್ಟ ಮೊತ್ತ ಅಷ್ಟೇ. ಟೈಲ್ಸ್ ಪೆಟ್ಟಿಗೆ ಎಣಿಸಿ, ಕಡಿಮೆ ಇದ್ದರೆ ಅದಕ್ಕೆ ಮಾತ್ರ ತಗಾದೆ ಮಾಡಿ.

ಬದಿಯಡ್ಕ: ಮೇಡಂ, ಅವರ ಅಕೌಂಟೆಂಟ್ ಸಿಕ್ಕಿದರು. ಜಿಎಸ್‌ಟಿಆರ್-1 ಇನ್ನೂ ಹಾಕಿಲ್ಲವಂತೆ. ಆದರೆ ಬೇರೆ ಗಿರಾಕಿಯೊಬ್ಬರ ಹಳೆಯ ಬಿಲ್‌ನಲ್ಲಿ ಹೀಗೇ ಆಗಿ ತೆರಿಗೆ ಕಟ್ಟಿಯೂ ಆಗಿದೆ, ಬದಲಾಯಿಸಿದರೆ ಎರಡು ಸಲ ಕಟ್ಟಬೇಕಾಗ್ತದೆ, ಬಡ್ಡಿಯೂ ಬೀಳ್ತದೆ ಎಂದು ಹೆದರ್ತಾರೆ.

ಸಲಹೆಗಾರ್ತಿ: ನಿಮ್ಮ ಬಿಲ್ಲಿಗೆ ಆ ಹೆದರಿಕೆ ಬೇಡ, ತೆರಿಗೆ ಇನ್ನೂ ಕಟ್ಟಿಲ್ಲವಲ್ಲ. ಹಳೆಯದಕ್ಕೂ ದಾರಿ ಇದೆ ಎಂದು ಅವರಿಗೆ ಹೇಳಿ. ರಾಜ್ಯದೊಳಗಿನ ಮಾರಾಟ ಎಂದು ತಪ್ಪಾಗಿ ತೆರಿಗೆ ಕಟ್ಟಿ, ಆಮೇಲೆ ಐಜಿಎಸ್‌ಟಿ ಕಟ್ಟಿದರೆ ಮೊದಲು ಕಟ್ಟಿದ್ದನ್ನು ಸಿಜಿಎಸ್‌ಟಿ ಕಾಯ್ದೆಯ 77ನೇ ಕಲಂ ಪ್ರಕಾರ ವಾಪಸ್ ಕೇಳಬಹುದು. ಸರಿಯಾದ ತೆರಿಗೆ ಕಟ್ಟಿದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಐಜಿಎಸ್‌ಟಿ ಮೇಲೆ ಬಡ್ಡಿ ಇಲ್ಲ. ಕ್ರೆಡಿಟ್ ನೋಟ್ ಕೊಟ್ಟು ಅಲ್ಲೇ ಹೊಂದಿಸಿಕೊಂಡಿದ್ದರೆ ಮಾತ್ರ ಈ ವಾಪಸಾತಿ ಕೇಳುವಂತಿಲ್ಲ, ಎರಡರಲ್ಲಿ ಒಂದು. ಕ್ರೆಡಿಟ್ ನೋಟಿಗೂ ಗಡುವು ಇದೆ. ಮಾರಾಟವಾದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30, ಅದಕ್ಕೂ ಮೊದಲು ವಾರ್ಷಿಕ ರಿಟರ್ನ್ ಹಾಕಿದರೆ ಆ ದಿನ.

ಬದಿಯಡ್ಕ: ಸಂಜೆ ಹೊಸ ಬಿಲ್‌ನ ಫೋಟೊ ಕಳಿಸಿದರು. ನಂಬರ್ ಹೊಸದು, ಪೈಪ್ 50, ಒಟ್ಟು 38,350. ಆದರೆ ತೆರಿಗೆ ಮತ್ತೆ ಎರಡು ಸಾಲಲ್ಲೇ ಬಂದಿದೆ, 2,925 ಮತ್ತು 2,925.

ಸಲಹೆಗಾರ್ತಿ: ಅವರ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಲೆಡ್ಜರ್ ತೆರೆದು ರಾಜ್ಯ ಏನಿದೆ ನೋಡಲು ಹೇಳಿ. ಗಿರಾಕಿಯನ್ನು ಸೇರಿಸುವಾಗ ಕರ್ನಾಟಕ ಎಂದೇ ಉಳಿದಿರುತ್ತದೆ. ಅದು ಕೇರಳ ಆಗುವ ತನಕ ಎಷ್ಟು ಸಲ ಬಿಲ್ ಮಾಡಿದರೂ ಹೀಗೇ ಬರುತ್ತದೆ. ಅಲ್ಲಿಯ ತನಕ ಹಣ ಹಾಕಬೇಡಿ.

ಬದಿಯಡ್ಕ: ಹೇಳಿದೆ. ಲೆಡ್ಜರ್‌ನಲ್ಲಿ ಕರ್ನಾಟಕ ಅಂತಲೇ ಇತ್ತಂತೆ. ಅಂಗಡಿ ಮುಚ್ಚುವ ಹೊತ್ತು, ನಾಳೆ ಬೆಳಿಗ್ಗೆ ಮಾಡಿಕೊಡ್ತೇನೆ ಅಂದರು. ಹತ್ತು ಗಂಟೆಗೆ ಮತ್ತೆ ಫೋನ್ ಮಾಡ್ತೇನೆ.